ಕಳೆದುಹೋದ ಲ್ಯಾಪ್‌ಟಾಪಿಗೆ ಎಷ್ಟು ತೆರಬೇಕು?

ಕಚೇರಿಯವರಿತ್ತ ಲ್ಯಾಪ್‌ಟಾಪನ್ನು ಬಸ್ಸಿನಲ್ಲಿ ಮರೆತು ಇಳಿದ ನೌಕರನೊಬ್ಬನ ಸಂಬಳ ತಿಂಗಳಿಗೆ 24,000 ರೂಪಾಯಿಯೆಂದೂ, ಮೂರು ವರ್ಷ ಹಳೆಯದಾದ ಆ ಯಂತ್ರಕ್ಕಾಗಿ ಹೊಸದರ ಬೆಲೆಯಾದ 60,000 ರೂಪಾಯಿಯನ್ನು, ಪೂರ್ತಿ ಸಂಬಳ ತಡೆಹಿಡಿದು ವಸೂಲುಮಾಡುವುದಾಗಿ ಅವನಿಗೆ ಪತ್ರ ಬಂದಿತೆಂದೂ ಭಾವಿಸೋಣ.

1936ರ ವೇತನ ಪಾವತಿ ಕಾಯಿದೆ ವಿಧಿಸಿದ, 2019ರ ವೇತನ ಸಂಹಿತೆಯೂ ಉಳಿಸಿಕೊಂಡ ನಿಯಮದಂತೆ, ನಷ್ಟವನ್ನು ಸಂಬಳದಿಂದ ಮುರಿದುಕೊಳ್ಳಬೇಕಾದರೆ ವಸ್ತುವನ್ನು ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು. ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ಸಂಭವಿಸಿರಬೇಕು. ಬೀಗ ಹಾಕಿದ ಮನೆಗೆ ಕನ್ನವಿಕ್ಕಿ ಕಳ್ಳರು ಒಯ್ದಿದ್ದರೆ ಅವನನ್ನು ಹೊಣೆಮಾಡುವುದು ಕಷ್ಟ. ಬಸ್ಸಿನ ಮರೆವಿಗೆ ಆ ರಕ್ಷಣೆಯಿಲ್ಲ.

ಆದರೂ, ಕಾರಣ ಹೇಳಿಕೊಳ್ಳಲು ಅವಕಾಶವೀಯದೆ ಒಂದು ಕಾಸನ್ನೂ ಮುರಿಯಲಾಗದು. ಮುರಿದ ಹಣವು ಮಾಲೀಕನಿಗಾದ ನಷ್ಟವನ್ನು ಮೀರಲೂ ಆಗದು. ಸವೆದ ಯಂತ್ರಕ್ಕೆ ಹೊಸದರ ಬೆಲೆ ಕೇಳುವುದು, ನನ್ನ ಮತದಲ್ಲಿ, ನಷ್ಟಭರ್ತಿಯಲ್ಲ, ಲಾಭ. ಅದರ ಇಂದಿನ ಮೌಲ್ಯ 20,000 ಎಂದಾದರೂ ಅದೆಲ್ಲವನ್ನೂ ಒಂದೇ ತಿಂಗಳಲ್ಲಿ ಕಳೆಯುವಂತಿಲ್ಲ: ಸಂಹಿತೆಯ ಪ್ರಕಾರ, ಭವಿಷ್ಯನಿಧಿಯೇ ಮೊದಲಾದ ಸಕಲ ಕಡಿತಗಳೂ ಸೇರಿ ವೇತನದ ಅರ್ಧವನ್ನು, ಎಂದರೆ 12,000 ರೂಪಾಯಿಯನ್ನು, ದಾಟಕೂಡದು.

ಆದುದರಿಂದ ಅಂಥ ಪತ್ರ ಕೈಸೇರಿದೊಡನೆ ಒಪ್ಪಿಗೆಯ ಸಹಿ ಹಾಕದೆ, ಯಂತ್ರ ಕೊಂಡ ದಿನಾಂಕವನ್ನೂ ನಷ್ಟದ ಲೆಕ್ಕವನ್ನೂ ಬರೆಹದಲ್ಲಿ ಕೇಳಿರಿ.