ಫೋಟೊ ಕಳಿಸುವ ಮುನ್ನ ಒಂದು ಮಾತು ಕೇಳಿ

ಎರಡು ದಶಕಗಳ ಹಿಂದೆ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ದೂರದ ತಜ್ಞರ ಸಲಹೆ ಪಡೆಯಲು ಯಂತ್ರಗಳಿದ್ದ ಕೋಣೆಯೇ ಬೇಕಿತ್ತು. ಈಗ ಅದೇ ಕೆಲಸವನ್ನು ಜೇಬಿನ ಫೋನು ಮಾಡುತ್ತದೆ. ಕೋಣೆಗೆ ಬಾಗಿಲಿತ್ತು, ಫೋನಿನಲ್ಲಿ ಆ ಬಾಗಿಲನ್ನು ವೈದ್ಯರೇ ಹಾಕಬೇಕು.

ಕೋವಿಡ್ ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಅದು ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳಲ್ಲಿ ಸಲಹೆ ನೀಡುವುದನ್ನು ಒಪ್ಪಿಕೊಂಡಿತು. ರೋಗಿಯೇ ಸಲಹೆ ಕೇಳಿ ಬಂದರೆ ಒಪ್ಪಿಗೆ ಇದೆ ಎಂದೇ ಅರ್ಥ. ವೈದ್ಯರೋ ಆರೋಗ್ಯ ಕಾರ್ಯಕರ್ತೆಯೋ ತಾವಾಗಿ ಸಮಾಲೋಚನೆ ಶುರು ಮಾಡಿದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು. ಅದು ಸಂದೇಶವಾಗಿಯೋ ಧ್ವನಿಮುದ್ರಣವಾಗಿಯೋ ದಾಖಲಾಗಬೇಕು. ತಜ್ಞರ ಸಲಹೆ ಪಡೆದರೂ ಚಿಕಿತ್ಸೆಯ ಹೊಣೆ ಕಳಿಸಿದ ವೈದ್ಯರದ್ದೇ.

ಕ್ಯಾತ್ಸಂದ್ರದ ಒಂದು ಕ್ಲಿನಿಕ್ಕನ್ನು ಕಲ್ಪಿಸಿಕೊಳ್ಳಿ. ತೊಡೆಸಂದಿನಲ್ಲಿ ಹುಳುಕಡ್ಡಿಯಾದ ಹೆಣ್ಣುಮಗಳೊಬ್ಬರು ಮೆಡಿಕಲ್ ಶಾಪಿನಲ್ಲಿ ಸಿಕ್ಕ ಮುಲಾಮು ಹಚ್ಚಿ, ಗುಣವಾಗದೆ ಬಂದಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ತಗ್ಗಿ, ಉಂಗುರದ ಅಂಚು ಮಸುಕಾಗಿ, ಶಿಲೀಂಧ್ರ ಮಾತ್ರ ಒಳಗೆ ಹರಡುತ್ತಲೇ ಇರುತ್ತದೆ. ಅಂಥ ಚಿತ್ರ ನೋಡಿ ತಜ್ಞರೂ ಎಡವಬಹುದು. ಆದ್ದರಿಂದ ಮುಲಾಮಿನ ಹೆಸರು, ಹಚ್ಚಿದ ದಿನಗಳು ಚಿತ್ರದ ಜೊತೆ ಹೋಗಬೇಕು.

ವೈದ್ಯರು ಕೇಳುವ ಮಾತು ಇಷ್ಟೇ: "ಅಮ್ಮಾ, ಇದರ ಫೋಟೊ ತೆಗೆದು ತುಮಕೂರಿನ ಚರ್ಮದ ಡಾಕ್ಟರಿಗೆ ಕಳಿಸ್ಲಾ? ಮುಖ ಬರಲ್ಲ, ಬೇರೆ ಯಾರಿಗೂ ಹೋಗಲ್ಲ. ಬೇಡ ಅಂದ್ರೂ ಔಷಧಿ ನಿಲ್ಲಲ್ಲ." ಆಕೆ ಹೂಂ ಅಂದು, ಅದು ದಾಖಲಾದ ಮೇಲೆ, ಮಹಿಳಾ ಸಿಬ್ಬಂದಿಯ ಎದುರಲ್ಲಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಎರಡು ಚಿತ್ರ: ಒಂದು ಸ್ವಲ್ಪ ದೂರದಿಂದ, ಇನ್ನೊಂದು ಅಂಚು ಕಾಣುವಷ್ಟು ಹತ್ತಿರದಿಂದ. ಹಚ್ಚೆ, ಒಡವೆ, ಹೆಸರಿರುವ ಚೀಟಿ ಚೌಕಟ್ಟಿನಿಂದ ಹೊರಗಿರಲಿ. ಮುಖ ಇಲ್ಲದಿದ್ದರೂ ಹಚ್ಚೆಯೊಂದೇ ಗುರುತು ಹೇಳಿಬಿಡುತ್ತದೆ.

ಗುಟ್ಟು ಹೆಚ್ಚಾಗಿ ಸೋರುವುದು ಕಳಿಸಿದ ನಂತರ. ವಾಟ್ಸ್ಆ್ಯಪ್ ಸಂದೇಶ ದಾರಿಯಲ್ಲಿ ಸುರಕ್ಷಿತ, ಆದರೆ ಚಿತ್ರ ಎರಡೂ ಫೋನುಗಳ ಗ್ಯಾಲರಿಯಲ್ಲಿ ಕೂತು ತಾನಾಗಿ ಕ್ಲೌಡ್ ಸೇರಬಹುದು. ಮನೆಯ ಮಕ್ಕಳು ತೆರೆದಾಗ ಕಾಣಬಹುದು. ಸ್ಪಷ್ಟತೆಗೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ, ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದಲ್ಲಿ, ತೆಗೆದ ಜಾಗದ ಗುರುತೂ ಅದರೊಳಗೆ ಹೋಗುತ್ತದೆ. ಲೊಕೇಶನ್, ಗ್ಯಾಲರಿಗೆ ಉಳಿಯುವ ಆಯ್ಕೆ, ಕ್ಲೌಡ್ ಬ್ಯಾಕಪ್ ಮೂರನ್ನೂ ಮೊದಲೇ ಆಫ್ ಮಾಡಿಡಬೇಕು. ಚಿತ್ರ, ಸಲಹೆ ಎರಡೂ ರೋಗಿಯ ಕಡತ ಸೇರಿದ ಮೇಲೆ ಫೋನಿನಿಂದ ಅಳಿಸಬೇಕು. ವೈದ್ಯರ ಗ್ರೂಪಿಗೆ ಹಾಕುವುದು ಬೇರೆಯೇ ಸಂಗತಿ. ಒಬ್ಬ ತಜ್ಞರಿಗೆ ಸಿಕ್ಕ ಒಪ್ಪಿಗೆ ಗ್ರೂಪಿಗೆ ಸಲ್ಲದು.

ಚಿತ್ರಕ್ಕೂ ಮಿತಿಯಿದೆ. ಬಿಳಿ ಮಚ್ಚೆಗೆ ಸ್ಪರ್ಶಜ್ಞಾನ ಇದೆಯೋ ಇಲ್ಲವೋ ಫೋಟೊ ಹೇಳದು. ಕುಷ್ಠದ ಸಂಶಯವಿದ್ದರೆ ಮುಟ್ಟಿಯೇ ನೋಡಬೇಕು. ಇತ್ತ ನೀವು ರೋಗಿಯಾಗಿದ್ದರೆ, ಫೋನು ಮೇಲೆತ್ತಿದ ವೈದ್ಯರನ್ನು ಕೇಳಿ: ಇದು ಯಾರಿಗೆ ಹೋಗುತ್ತದೆ, ಆಮೇಲೆ ಎಲ್ಲಿರುತ್ತದೆ?