ಯೂನಿಫಾರ್ಮ್ ಬದಲಾಯಿಸಿ ಅನ್ನಬೇಡಿ, ಬಟ್ಟೆ ಮಾತ್ರ ಕೇಳಿ: ಬೇಸಿಗೆಯ ಕಾಟನ್ ಸಮವಸ್ತ್ರಕ್ಕೆ ಪ್ರಿನ್ಸಿಪಾಲರಿಗೆ ಪತ್ರ ಬರೆಯೋದು ಹೇಗೆ?

ರಾಯಚೂರು: ಮಾರ್ಚ್ ಬಂತಂದ್ರೆ ನಮ್ಮೂರಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋಕಾಗಲ್ಲ. ಅದೇ ಹೊತ್ತಲ್ಲಿ ಮಕ್ಕಳು ಟೆರಿಕಾಟ್ ಶರ್ಟು, ಟೈ, ಬೆಲ್ಟು, ಸಾಕ್ಸು, ಶೂ ಹಾಕ್ಕೊಂಡು ಕ್ಲಾಸಲ್ಲಿ ಕೂತಿರ್ತಾರೆ. ನಗರದ ಖಾಸಗಿ ಶಾಲೆಯೊಂದರಲ್ಲಿ 6ನೇ ತರಗತಿ ಓದುವ ಹುಡುಗಿಗೆ ಕಳೆದ ಬೇಸಿಗೆಯಲ್ಲಿ ಬೆನ್ನು, ಕುತ್ತಿಗೆ ತುಂಬಾ ಬೆವರುಗುಳ್ಳೆ ಎದ್ದಿದ್ದವು. ಆಕೆಯ ತಾಯಿ ಶಾಲೆಗೆ ಪತ್ರ ಕೊಟ್ಟರು. ಮೊದಲ ಪತ್ರಕ್ಕೆ ಸಿಕ್ಕ ಉತ್ತರ: "ಆಗಲ್ಲ". ಎರಡನೇ ಪತ್ರಕ್ಕೆ ಅರ್ಧ ಕೆಲಸ ಆಯ್ತು. ಎರಡರ ನಡುವಿನ ವ್ಯತ್ಯಾಸ ಉಳಿದ ಪೋಷಕರಿಗೂ ಉಪಯೋಗಕ್ಕೆ ಬರುತ್ತೆ.

ಮೊದಲು ಬಟ್ಟೆ ನೋಡಿ

ಯೂನಿಫಾರ್ಮ್ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತದ್ದೇ. ಮುದುಡಲ್ಲ, ಬಣ್ಣ ಹೋಗಲ್ಲ, ಬೇಗ ಒಣಗುತ್ತೆ ಅನ್ನೋದು ಅದಕ್ಕೆ ಕಾರಣ. ಆದರೆ ಪಾಲಿಯೆಸ್ಟರ್ ನೂಲು ನೀರು ಹೀರಲ್ಲ. ಸಾಮಾನ್ಯ ಗಾಳಿಯಲ್ಲಿ 100 ಗ್ರಾಂ ಹತ್ತಿ ಸುಮಾರು 8 ಗ್ರಾಂ ತೇವ ಹೀರಿಕೊಂಡರೆ, ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರಲ್ಲ. ಹಾಗಾಗಿ ಬೆವರು ಮೈಮೇಲೇ ಅಂಟಿಕೊಂಡು ಉಳಿಯುತ್ತೆ.

ನಿಮ್ಮ ಮಗುವಿನದ್ದು ಯಾವ ಬಟ್ಟೆ ಅಂತ ತಿಳಿಯೋಕೆ ಹೊಲಿಗೆಯ ಒಳಗಿಂದ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಕರಿ ಗುಂಡು ಉಳಿಯುತ್ತೆ. ಬಿಸಿ ಗುಂಡು ಕೈಗೆ ಅಂಟುತ್ತೆ, ಮುಟ್ಟಬೇಡಿ.

ಮೊದಲ ಪತ್ರ ಸೋತಿದ್ದು ಎಲ್ಲಿ?

ತಾಯಿ ಬರೆದದ್ದು "ಬೇಸಿಗೆಗೆ ಸಮವಸ್ತ್ರ ಬದಲಾಯಿಸಿ" ಅಂತ. ಶಾಲೆಯವರು ನಿಯಮ ತೋರಿಸಿದರು. ಅದು ಸುಳ್ಳಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಬಂದ 1995ರ ನಿಯಮಗಳಲ್ಲಿ 11ನೇ ನಿಯಮದ ಪ್ರಕಾರ, ಶಾಲೆ ಒಮ್ಮೆ ಗೊತ್ತು ಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸೋದಾದರೆ ಪೋಷಕರಿಗೆ 1 ವರ್ಷ ಮೊದಲೇ ನೋಟಿಸ್ ಕೊಡಬೇಕು. ಮೇಲಿಂದ ಮೇಲೆ ಹೊಸ ಯೂನಿಫಾರ್ಮ್ ಕೊಳ್ಳುವ ಖರ್ಚಿನಿಂದ ಪೋಷಕರನ್ನು ಉಳಿಸುವ ನಿಯಮವೇ ಇಲ್ಲಿ ಅಡ್ಡ ಬಂತು.

ಅದಕ್ಕೇ ಎರಡನೇ ಪತ್ರದಲ್ಲಿ "ಬದಲಾವಣೆ" ಪದವನ್ನೇ ಬಿಟ್ಟರು. ಅದೇ ಬಣ್ಣ, ಅದೇ ಡಿಸೈನು, ಬಟ್ಟೆ ಮಾತ್ರ ಬೇರೆ, ಅದೂ ಬೇಕಾದವರಿಗೆ ಮಾತ್ರ ಅಂತ ಕೇಳಿದರು. ಪತ್ರ ಹೀಗಿತ್ತು:

"ಗೆ,
ಪ್ರಾಂಶುಪಾಲರು.

ವಿಷಯ: ಬೇಸಿಗೆ ತಿಂಗಳುಗಳಲ್ಲಿ ಕಾಟನ್ ಬಟ್ಟೆಯ ಸಮವಸ್ತ್ರ ಧರಿಸಲು ಅನುಮತಿ ಕೋರಿ.

ಮಾನ್ಯರೇ,
ನನ್ನ ಮಗಳು ತಮ್ಮ ಶಾಲೆಯಲ್ಲಿ 6ನೇ ತರಗತಿ 'ಬಿ' ವಿಭಾಗದಲ್ಲಿ ಓದುತ್ತಿದ್ದಾಳೆ. ಬಿಸಿಲಿಗೆ ಅವಳಿಗೆ ಬೆವರುಗುಳ್ಳೆ ಆಗುತ್ತಿದ್ದು, ವೈದ್ಯರ ಚೀಟಿ ಲಗತ್ತಿಸಿದ್ದೇನೆ. ಸಮವಸ್ತ್ರದ ಬಣ್ಣ, ಮಾದರಿ, ಲೋಗೋ ಬದಲಾಗದಂತೆ, ಮಾರ್ಚ್ 1ರಿಂದ ಪರೀಕ್ಷೆ ಮುಗಿಯುವವರೆಗೆ ಹಾಗೂ ಶಾಲೆ ಪುನಃ ಆರಂಭವಾದ ಮೇಲೆ ಜೂನ್ 30ರವರೆಗೆ ಕಾಟನ್ ಬಟ್ಟೆಯಲ್ಲಿ ಹೊಲಿಸಿ ಹಾಕಲು ಅನುಮತಿ ನೀಡಬೇಕು. ಇದು ಇಷ್ಟವಿದ್ದ ಪೋಷಕರಿಗೆ ಮಾತ್ರ ಇರಲಿ. ಬಟ್ಟೆಯ ತುಂಡು ಜೊತೆಗಿಟ್ಟಿದ್ದೇನೆ. ಆ ಅವಧಿಯಲ್ಲಿ ಟೈ, ಸಾಕ್ಸ್‌ಗೆ ವಿನಾಯಿತಿ ನೀಡಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ"

ಬಟ್ಟೆಯ ತುಂಡು ಇಟ್ಟಿದ್ದೇ ಕೆಲಸ ಮಾಡ್ತು. ಒಬ್ಬೊಬ್ಬರು ಒಂದೊಂದು ಬಣ್ಣದಲ್ಲಿ ಬರ್ತಾರೆ ಅನ್ನೋದೇ ಶಾಲೆಯವರ ಭಯವಾಗಿತ್ತು. ಬಿಳಿ ಶರ್ಟಿಗೆ ಒಪ್ಪಿದರು, ಟೈ-ಸಾಕ್ಸ್ ಬಿಟ್ಟರು. ನೀಲಿ ಸ್ಕರ್ಟಿಗೆ ಮಾತ್ರ ಒಪ್ಪಲಿಲ್ಲ. ಕಾಟನ್‌ನಲ್ಲಿ ನೀಲಿ ಒಗೆದಂಗೆಲ್ಲ ಮಾಸುತ್ತೆ ಅನ್ನೋದು ಅವರ ಮಾತು. ಅದರಲ್ಲೂ ಹುರುಳಿದೆ.

ಇಷ್ಟು ನೆನಪಿಡಿ

ಪತ್ರವನ್ನು ಫೆಬ್ರವರಿಯಲ್ಲೇ ಕೊಡಿ. ಮಾರ್ಚ್ ಕೊನೆಗೆ ಕೊಟ್ಟರೆ ಹೊಲಿಸೋಷ್ಟರಲ್ಲಿ ರಜೆ ಬಂದಿರುತ್ತೆ. ಜೆರಾಕ್ಸ್ ಪ್ರತಿ ಮೇಲೆ ಆಫೀಸಿನ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅದೇ ಪ್ರತಿಯನ್ನು ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಮನವಿ ಕೊಡಬಹುದು.

ಒಪ್ಪಿಗೆ ಸಿಕ್ಕಿತು ಅಂತ ಬಟ್ಟೆ ತಂದು ನೇರ ಟೈಲರ್‌ಗೆ ಕೊಡಬೇಡಿ. ಕಾಟನ್ ಮೊದಲ ಒಗೆತಕ್ಕೇ ಕುಗ್ಗುತ್ತೆ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಹೊಲಿಸಿ.

ಸರ್ಕಾರಿ ಶಾಲೆಗೆ ಈ ಪತ್ರ ಹೊಂದಲ್ಲ. ಅಲ್ಲಿ ವಿದ್ಯಾವಿಕಾಸ ಯೋಜನೆಯಡಿ ಬಟ್ಟೆ ಸರ್ಕಾರದಿಂದಲೇ ಬರುತ್ತೆ, ಯಾವ ಬಟ್ಟೆ ಅನ್ನೋದು ಮುಖ್ಯ ಶಿಕ್ಷಕರ ಕೈಲಿಲ್ಲ.