ಮೇಣದ ಬತ್ತಿಯ ವಿವರಣೆಯನ್ನು ತಕ್ಕಡಿಯಿಂದ ಬರೆಯುವುದು

ವಿಜಯಪುರ ನಗರದಲ್ಲಿ ಮನೆಯಲ್ಲಿಯೇ ಸೋಯಾ ಮೇಣದ ಬತ್ತಿಗಳನ್ನು ಎರಕ ಹೊಯ್ದು, ಇನ್‌ಸ್ಟಾಗ್ರಾಂ ಪುಟದ ಮೂಲಕ ಮಾರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಸರಕಿನ ವಿವರಣೆಯನ್ನು ತಿದ್ದಿಕೊಡಬೇಕೆಂದು ಕೇಳಿದರು. ಅದರಲ್ಲಿ ಇದ್ದುದು ಇಷ್ಟೆ: "ನೂರಕ್ಕೆ ನೂರು ಸೋಯಾ. ರಾಸಾಯನಿಕರಹಿತ. ಹೊಗೆರಹಿತ. 40 ಗಂಟೆಗಳ ಕಾಲ ಉರಿಯುವುದು." ಭಾಷೆಯಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ಆದರೆ ನಾಲ್ಕು ಮಾತುಗಳಲ್ಲಿ ಒಂದಾದರೂ ಪರೀಕ್ಷೆಗೆ ನಿಲ್ಲುವುದೇ ಎಂಬುದು ಬೇರೆ ಪ್ರಶ್ನೆ. ಹಣ ಕೊಟ್ಟವನು ಬತ್ತಿಯನ್ನು ಮುಟ್ಟಿ, ಮೂಸಿ ಕೊಂಡಿರುವುದಿಲ್ಲ; ಅವನು ಕೊಳ್ಳುವುದು ಈ ಮಾತುಗಳನ್ನೇ. ಆದುದರಿಂದ ಒಂದೊಂದನ್ನೂ ಪರೀಕ್ಷಿಸಿ ನೋಡೋಣ.

ಮೊದಲು ಆ 40 ಗಂಟೆ. ಈ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದೆವು. ಗಾಜಿನ ಲೋಟದಲ್ಲಿ 200 ಗ್ರಾಂ ಮೇಣವಿದೆ, ಗಂಟೆಗೆ 5 ಗ್ರಾಂ ಉರಿಯುವುದೆಂದು ಇನ್ನೊಬ್ಬರ ಪುಟದಲ್ಲಿ ಓದಿದ್ದರು, ಭಾಗಿಸಿದರೆ 40. ಗಣಿತದಲ್ಲಿ ತಪ್ಪಿಲ್ಲ. ಆದರೆ ಗಂಟೆಗೆ ಎಷ್ಟು ಮೇಣ ಉರಿಯುವುದೆಂಬುದನ್ನು ನಿರ್ಣಯಿಸುವುದು ಮುಖ್ಯವಾಗಿ ಒಳಗಿನ ನೂಲಿನ ದಪ್ಪ ಮತ್ತು ಹೆಣಿಗೆ. ಜ್ವಾಲೆಯ ಶಾಖಕ್ಕೆ ಕರಗಿದ ಮೇಣವು ನೂಲಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ, ಆವಿಯಾಗಿ, ಆ ಆವಿಯು ಉರಿಯುತ್ತದೆ. ನೂಲು ದಪ್ಪವಾದಷ್ಟೂ ಏರುವ ಮೇಣ ಹೆಚ್ಚು. ಇನ್ನೊಬ್ಬರ ನೂಲಿನ ಲೆಕ್ಕ ನಮ್ಮ ಬತ್ತಿಗೆ ಹೊಂದದು.

ಅಳೆಯುವ ರೀತಿ ಸುಲಭ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ವಿದ್ಯುತ್ ತಕ್ಕಡಿ ಸಾಕು. ನೂಲನ್ನು ಸುಮಾರು 5 ಮಿಲಿಮೀಟರಿಗೆ ಕತ್ತರಿಸಿ, ಲೋಟಸಮೇತ ತೂಗಿ, ಗಾಳಿ ಬೀಸದ ಕೋಣೆಯಲ್ಲಿ 4 ಗಂಟೆ ಉರಿಸಬೇಕು. ಬಳಿಕ ಆರಿಸಿ, ತಣ್ಣಗಾದ ಮೇಲೆ ಮತ್ತೆ ತೂಗಬೇಕು. ಮೇಣವು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಹೊರಟುಹೋಗುವುದರಿಂದ, ಕಡಿಮೆಯಾದ ತೂಕವೇ ಉರಿದ ಮೇಣ. ಈ ಬತ್ತಿಯಲ್ಲಿ ಮೊದಲ ಸಲ 24 ಗ್ರಾಂ, ಎರಡನೆಯ ಹಾಗೂ ಮೂರನೆಯ ಸಲ 28 ಗ್ರಾಂನಂತೆ ಕಡಿಮೆಯಾಯಿತು. ಒಟ್ಟು 12 ಗಂಟೆಗೆ 80 ಗ್ರಾಂ. ಅಂದರೆ ಗಂಟೆಗೆ 6.7 ಗ್ರಾಂನಷ್ಟು. ಇನ್ನೊಂದು ಮಾತು: ಮೇಣವನ್ನು ತಳದವರೆಗೆ ಉರಿಸಬಾರದು. ಜ್ವಾಲೆ ತಳಕ್ಕೆ ಸಮೀಪಿಸಿದಾಗ ಗಾಜು ಒಂದೆಡೆ ಮಾತ್ರ ವಿಪರೀತವಾಗಿ ಕಾಯ್ದು ಸೀಳಬಹುದು. ತಳದಲ್ಲಿ ಒಂದು ಬೆರಳಿನ ಅಗಲದಷ್ಟನ್ನು, ಈ ಲೋಟದಲ್ಲಿ ಸುಮಾರು 40 ಗ್ರಾಂ, ಬಿಡಬೇಕು. ಉಳಿದ 160 ಗ್ರಾಂಗೆ ಬರುವುದು 24 ಗಂಟೆ. ಬಾಬಲೇಶ್ವರದ ಗ್ರಾಹಕನೊಬ್ಬನು 40 ಗಂಟೆಗೆಂದು ಹಣ ತೆತ್ತು 24 ಗಂಟೆಯನ್ನು ಪಡೆದರೆ, ಅವನು ಮರಳಿ ಆ ಪುಟದತ್ತ ಬರುವನೆಂದು ನಂಬುವುದು ಕಷ್ಟ.

ಇನ್ನು "ಹೊಗೆರಹಿತ." ಮೈಕೆಲ್ ಫ್ಯಾರಡೆಯು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860ರ ಕ್ರಿಸ್ಮಸ್ ಸಮಯದಲ್ಲಿ ಬಾಲಕರಿಗಾಗಿ ಮೇಣದ ಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸಗಳನ್ನು ಮಾಡಿದನು. ಜ್ವಾಲೆಯ ಹಳದಿ ಬೆಳಕು ಎಲ್ಲಿಂದ ಬರುತ್ತದೆಂಬುದು ಅವುಗಳಲ್ಲಿ ವಿವರಿಸಿದ ಸಂಗತಿಗಳಲ್ಲೊಂದು. ಜ್ವಾಲೆಯೊಳಗೆ ಹುಟ್ಟುವ ಇಂಗಾಲದ ಕಣಗಳು ಕೆಂಪಗೆ ಕಾಯ್ದು ಹೊಳೆಯುವುದೇ ಆ ಬೆಳಕು. ಆ ಕಣಗಳೇ ಮಸಿ. ಅವು ಜ್ವಾಲೆಯ ಅಂಚಿನಲ್ಲಿ ಆಮ್ಲಜನಕ ಸಿಕ್ಕು ಪೂರ್ತಿಯಾಗಿ ಉರಿದುಹೋದರೆ ನಮಗೆ ಹೊಗೆ ಕಾಣದು. ನೂಲು ಉದ್ದವಾಗಿ ಮೇಣ ಹೆಚ್ಚಾಗಿ ಏರಿದರೆ, ಅಥವಾ ಗಾಳಿಗೆ ಜ್ವಾಲೆ ಓಲಾಡಿದರೆ, ಉರಿಯದೆ ತಪ್ಪಿಸಿಕೊಳ್ಳುತ್ತವೆ. ಹಳದಿಯಾಗಿ ಬೆಳಗುವ ಯಾವ ಬತ್ತಿಯೂ ಮಸಿಯನ್ನು ಹುಟ್ಟಿಸದೆ ಬೆಳಗಲಾರದು; ಸೋಯಾ ಇದಕ್ಕೆ ಹೊರತಲ್ಲ. ಸಂಶಯವಿದ್ದವರು ಬಿಳಿಯ ಪಿಂಗಾಣಿ ಬಸಿಯೊಂದನ್ನು ಜ್ವಾಲೆಯ ನಡುವೆ ಕ್ಷಣಕಾಲ ಹಿಡಿದು ನೋಡಬಹುದು.

"ರಾಸಾಯನಿಕರಹಿತ" ಎಂಬುದನ್ನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು ಬರೆಯಬಾರದಾಗಿತ್ತು. ಸೋಯಾ ಎಣ್ಣೆ ದ್ರವ. ಅದನ್ನು ನಿಕ್ಕಲ್ಲಿನ ಸಮ್ಮುಖದಲ್ಲಿ ಜಲಜನಕದೊಡನೆ ಕೂಡಿಸಿದಾಗ ಗಟ್ಟಿಯಾಗಿ ಮೇಣವಾಗುತ್ತದೆ. ವನಸ್ಪತಿಯನ್ನು ತಯಾರಿಸುವ ಕ್ರಮವೂ ಇದೇ ಜಾತಿಯದು. "ನೂರಕ್ಕೆ ನೂರು" ಎಂಬುದೂ ಸರಿಯಲ್ಲ: ಇದರಲ್ಲಿ ನೂರಕ್ಕೆ 8ರಷ್ಟು ಸುಗಂಧತೈಲ ಬೆರೆತಿದೆ. ಮೇಲಾಗಿ ಪೇಟೆಯಲ್ಲಿ ಸೋಯಾ ಮೇಣವೆಂದು ಮಾರುವ ಕೆಲವು ಮಿಶ್ರಣಗಳಲ್ಲಿ ಪ್ಯಾರಾಫಿನ್ನೂ ಸೇರಿರುತ್ತದೆ. ಕಣ್ಣಿನಿಂದ ನೋಡಿ ಹೇಳುವಂತಿಲ್ಲ. ಮೇಣ ಮಾರಿದವರಿಂದ ಬರೆಹದಲ್ಲಿ ಕೇಳಿ ಪಡೆಯತಕ್ಕದ್ದು.

ಆದರೆ ಈ ವಿವರಣೆಯ ದೊಡ್ಡ ಕೊರತೆ ಅದರಲ್ಲಿ ಬರೆದುದರಲ್ಲಿಲ್ಲ, ಬರೆಯದೆ ಬಿಟ್ಟುದರಲ್ಲಿದೆ. ಲೋಟದಲ್ಲಿ ಎರೆಯುವ ಸೋಯಾ ಮೇಣಗಳು ಸಾಮಾನ್ಯವಾಗಿ 45ರಿಂದ 52 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಕರಗುತ್ತವೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 40 ಡಿಗ್ರಿ ಮುಟ್ಟುವುದುಂಟು. ಬಿಸಿಲಿಗೆ ನಿಂತ ಮೋಟಾರಿನ ಒಳಗೆ, ತಗಡಿನ ಛಾವಣಿಯ ಅಂಗಡಿಯಲ್ಲಿ, ಉಷ್ಣತೆ 50ನ್ನೂ ಮೀರುತ್ತದೆ. ಅಥಣಿಯ ದಾರಿಯಲ್ಲಿರುವ ತಿಕೋಟಾಕ್ಕೋ, ಜಮಖಂಡಿಯ ದಾರಿಯಲ್ಲಿರುವ ಬಾಬಲೇಶ್ವರಕ್ಕೋ ಮಧ್ಯಾಹ್ನ ಕಳುಹಿಸಿದ ಬತ್ತಿಯು ದಾರಿಯಲ್ಲಿಯೇ ಮೆತ್ತಗಾಗುವುದು ಇದರಿಂದಲೇ. ಸೋಯಾ ಮೇಣವು ಹಲವು ಕೊಬ್ಬುಗಳ ಮಿಶ್ರಣವಾದ್ದರಿಂದ ಮಂಜುಗಡ್ಡೆಯಂತೆ ಒಂದೇ ಉಷ್ಣತೆಯಲ್ಲಿ ಕರಗದು. ಪೂರ್ತಿ ಕರಗುವುದಕ್ಕೆ ಬಹು ಮೊದಲೇ ಅದರ ಒಂದು ಭಾಗ ದ್ರವವಾಗಿರುತ್ತದೆ. ಆಗ ಮೇಲ್ಮೈಯಲ್ಲಿ ಸುಗಂಧತೈಲವು ಬೆವರಿನಂತೆ ಹನಿಗಟ್ಟುತ್ತದೆ. ಮತ್ತೆ ತಣಿದಾಗ ಹರಳುಗಳು ಬೇರೆ ರೀತಿಯಲ್ಲಿ ಜೋಡಣೆಗೊಂಡು, ಗಾಜಿನ ಒಳಬದಿಯಲ್ಲಿ ಇಬ್ಬನಿ ಬಿದ್ದಂತೆ ಬಿಳಿಯ ಮಚ್ಚೆಗಳು ಮೂಡುತ್ತವೆ. ಕೊಂಡವರು ಅದನ್ನು ಬೂಷ್ಟು ಎಂದೇ ತಿಳಿಯುತ್ತಾರೆ! ಉರಿಯುವುದಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ. ಮೊದಲೇ ಒಂದು ಸಾಲು ಬರೆದಿದ್ದರೆ ಜಗಳಕ್ಕೆ ಎಡೆಯೇ ಇರದು.

ಇಷ್ಟನ್ನೂ ಕೂಡಿಸಿ, ಅವರೂ ನಾವೂ ಸೇರಿ ಬರೆದ ವಿವರಣೆ ಹೀಗಿದೆ:

"ಕೈಯಿಂದ ಎರೆದ ಸೋಯಾ ಮೇಣದ ಬತ್ತಿ, ಗಾಜಿನ ಲೋಟದಲ್ಲಿ. ಮೇಣ 200 ಗ್ರಾಂ (ಲೋಟದ ತೂಕ ಬಿಟ್ಟು); ಇದರಲ್ಲಿ ನೂರಕ್ಕೆ 8 ಭಾಗ ಮಲ್ಲಿಗೆಯ ಸುಗಂಧತೈಲ. ಹತ್ತಿಯ ನೂಲು. ಒಂದು ಸಲಕ್ಕೆ 4 ಗಂಟೆಯಂತೆ ಉರಿಸಿದರೆ ಸುಮಾರು 24 ಗಂಟೆ ಬರುತ್ತದೆ; ಇದು ನಮ್ಮ ಮನೆಯಲ್ಲಿ ತೂಗಿ ಕಂಡ ಲೆಕ್ಕ. ಮೊದಲ ಸಲ ಕರಗಿದ ಮೇಣ ಲೋಟದ ಅಂಚು ಮುಟ್ಟುವವರೆಗೆ ಆರಿಸಬೇಡಿರಿ. ಪ್ರತಿ ಸಲವೂ ನೂಲನ್ನು 5 ಮಿಲಿಮೀಟರಿಗೆ ಕತ್ತರಿಸಿದರೆ ಮಸಿ ಕಡಿಮೆ. ತಳದಲ್ಲಿ ಒಂದು ಬೆರಳಿನಷ್ಟು ಮೇಣ ಉಳಿದಾಗ ನಿಲ್ಲಿಸಿರಿ. ಬಿಳಿಯ ಮಚ್ಚೆ ಸೋಯಾ ಮೇಣದ ಗುಣ, ಕೆಟ್ಟುದರ ಗುರುತಲ್ಲ. ಬೇಸಿಗೆಯಲ್ಲಿ ತಿಕೋಟಾ, ಬಾಬಲೇಶ್ವರಗಳಿಗೆ ಮುಂಜಾನೆ ಮಾತ್ರ ಕಳುಹಿಸುತ್ತೇವೆ; ಬಂದೊಡನೆ ತಂಪಾದ ಕಡೆ ಇಡಿರಿ."

ಮೊದಲ ಸಲದ ಆ ಎಚ್ಚರಿಕೆಗೆ ಕಾರಣವುಂಟು. ಅಂಚು ಮುಟ್ಟುವ ಮೊದಲೇ ಆರಿಸಿದರೆ, ಮುಂದಿನ ಸಲವೂ ಕರಗುವಿಕೆ ಆ ವೃತ್ತದೊಳಗೇ ನಡೆದು ನಡುವೆ ಬಾವಿಯಂತೆ ಕೊರೆದುಹೋಗುತ್ತದೆ. ಸುತ್ತಲಿನ ಮೇಣ ಉರಿಯದೆ ಉಳಿದು, 24 ಗಂಟೆಯೂ ಸುಳ್ಳಾಗುತ್ತದೆ. ಪೊಟ್ಟಣದ ಸರಕುಗಳನ್ನು ಕುರಿತ 2011ರ ಕಾನೂನುಬದ್ಧ ಮಾಪನಶಾಸ್ತ್ರದ ನಿಯಮಗಳು ನಿವ್ವಳ ತೂಕ, ತಯಾರಕರ ಹೆಸರು ವಿಳಾಸ, ಗರಿಷ್ಠ ಬೆಲೆಗಳನ್ನು ಕೇಳುತ್ತವೆ. ಅವನ್ನು ಕೆಳಗೆ ಬೇರೆಯಾಗಿ ಸೇರಿಸಿದ್ದಾರೆ.

ನೂಲನ್ನಾಗಲಿ, ಲೋಟವನ್ನಾಗಲಿ, ಸುಗಂಧವನ್ನಾಗಲಿ ಬದಲಾಯಿಸಿದ ದಿನ 24 ಎಂಬ ಅಂಕಿಯನ್ನು ಅಳಿಸಿ, ತಕ್ಕಡಿಯನ್ನು ಮತ್ತೆ ಹೊರತೆಗೆಯಬೇಕು. ಮಲ್ಲಿಗೆಯ ಬದಲು ಶ್ರೀಗಂಧ ಬೆರೆಸಿದ ಹೊಸ ಬತ್ತಿ ಈಗ ಅವರ ಮನೆಯ ಮೇಜಿನ ಮೇಲೆ ಎರಡನೆಯ 4 ಗಂಟೆಯಲ್ಲಿದೆ.